ಮಿಕ್ಕ ಹೋಳಿಗೆ, ಸಿಗದ ಹೋಳಿಗೆ: ವಾಣಿಜ್ಯ ತರಗತಿಗೆ ಒಂದು ಕಥೆ, ಅದರ ಲೆಕ್ಕ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಒಂದು ಹೈಯರ್ ಸೆಕೆಂಡರಿ ಶಾಲೆಯಲ್ಲಿ ಪ್ಲಸ್ ಟು ವಾಣಿಜ್ಯ ವಿಭಾಗದ ಕನ್ನಡ ಮಕ್ಕಳಿಗೆ ಪಾಠ ಮಾಡುತ್ತೇನೆ. ಸರಕು ಮಿಕ್ಕರೆ ನಷ್ಟ ಎಂಬುದು ಮಕ್ಕಳಿಗೆ ಕೂಡಲೇ ಅರ್ಥವಾಗುತ್ತದೆ. ಆದರೆ ಸರಕು ಬೇಗ ಮುಗಿದುಹೋದರೂ ನಷ್ಟ ಎಂದರೆ, "ಎಲ್ಲ ಖರ್ಚಾಯಿತಲ್ಲ ಟೀಚರ್, ಅದು ಒಳ್ಳೆಯದೇ ಅಲ್ಲವೇ?" ಎನ್ನುತ್ತಾರೆ. ಸಿಹಿತಿಂಡಿ ವ್ಯಾಪಾರಿಯೊಬ್ಬನ ಸಣ್ಣ ಕಥೆಯ ಮೂಲಕ ಇದನ್ನು ತೋರಿಸಲು ಸಾಧ್ಯವೇ? ಲೆಕ್ಕ ಮಾತ್ರ ಸರಿಯಾಗಿರಬೇಕು, ಮಕ್ಕಳು ಕೂಡಿಸಿ ನೋಡುತ್ತಾರೆ.

ಉತ್ತರ: ನಿಮ್ಮ ಮಕ್ಕಳ ಮಾತಿಗೆ ಕಾರಣವಿದೆ. ಮಿಕ್ಕ ಸರಕು ಸಂಜೆಗೆ ತಟ್ಟೆಯಲ್ಲಿ ಕಣ್ಣೆದುರೇ ಇರುತ್ತದೆ, ಅದಕ್ಕೆ ತೆತ್ತ ಹಣವೂ ಲೆಕ್ಕದ ಪುಸ್ತಕದಲ್ಲಿ ಇರುತ್ತದೆ. ಬಂದು ಬರಿಗೈಯಲ್ಲಿ ಹಿಂದಿರುಗಿದ ಗಿರಾಕಿಗೆ ಮಾತ್ರ ಬಿಲ್ಲೂ ಇಲ್ಲ, ವೋಚರೂ ಇಲ್ಲ. ಆದ್ದರಿಂದ ಎರಡನೆಯ ನಷ್ಟವನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ, ಒಂದು ತಿಂಗಳು ಹೆಚ್ಚು ಮಾಡಿ, ಇನ್ನೊಂದು ತಿಂಗಳು ಕಡಿಮೆ ಮಾಡಿ, ಎರಡರಲ್ಲೂ ಕೈಯಲ್ಲಿ ಅಷ್ಟೇ ಹಣ ಉಳಿಸಿಕೊಂಡ ಒಬ್ಬ ವ್ಯಾಪಾರಿಯನ್ನು ಮಕ್ಕಳ ಮುಂದೆ ನಿಲ್ಲಿಸುವುದು ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ. ಕಥೆಗೆ ಬೇಳೆ ಹೋಳಿಗೆಯನ್ನು ಆರಿಸಿಕೊಂಡಿದ್ದೇನೆ. ನಮ್ಮ ಕರಾವಳಿಯ ಸೆಕೆಯಲ್ಲಿ ಅದನ್ನು ಒಂದು ದಿನದ ಸರಕು ಎಂದೇ ಎಣಿಸಬೇಕು. ಗಿರಾಕಿ ಬಂದು ನಿಂತ ಮೇಲೆ ಬೇಳೆ ಬೇಯಿಸಲು ಹೊರಡುವುದೂ ಸಾಧ್ಯವಿಲ್ಲ, ಎಷ್ಟು ಮಾಡಬೇಕೆಂದು ಹಿಂದಿನ ರಾತ್ರಿಯೇ ತೀರ್ಮಾನಿಸಬೇಕು. ಬೆಲೆಗಳು ಲೆಕ್ಕಕ್ಕೆ ಅನುಕೂಲವಾಗಲೆಂದು ನಾನು ಇಟ್ಟುಕೊಂಡವು.

ಕಥೆ ಹೀಗಿದೆ.

ಬದಿಯಡ್ಕದ ಪೇಟೆಯಲ್ಲಿ, ಕುಂಬಳೆಯಿಂದ ಮುಳ್ಳೇರಿಯಕ್ಕೆ ಹೋಗುವ ಬಸ್ಸುಗಳು ನಿಲ್ಲುವಲ್ಲಿ, ಐತಪ್ಪಣ್ಣನಿಗೆ ಒಂದು ಸಿಹಿತಿಂಡಿ ಅಂಗಡಿ ಇತ್ತು. ಲಾಡು, ಮೈಸೂರುಪಾಕು, ಚಕ್ಕುಲಿ, ಮಿಕ್ಸ್ಚರ್ ಎಲ್ಲವೂ ಇದ್ದರೂ ಜನ ಅವನ ಅಂಗಡಿಯನ್ನು ಹುಡುಕಿಕೊಂಡು ಬರುತ್ತಿದ್ದುದು ಹೋಳಿಗೆಗೆ. ಹಿಂದಿನ ಅಡುಗೆಕೋಣೆಯಲ್ಲಿ ಲಲಿತಕ್ಕ ಬೆಳಗಿನ ನಾಲ್ಕು ಗಂಟೆಗೆ ಬೇಳೆ ಬೇಯಿಸಿ, ಬೆಲ್ಲ ಸೇರಿಸಿ ಹೂರಣ ರುಬ್ಬಿ, ಕಣಕ ನಾದಿ, ಎಂಟು ಗಂಟೆಯ ಹೊತ್ತಿಗೆ ಕಾವಲಿಯಿಂದ ಕೊನೆಯ ಹೋಳಿಗೆಯನ್ನು ಇಳಿಸುತ್ತಿದ್ದಳು. ಐದು ಹೋಳಿಗೆಯ ಒಂದು ಪ್ಯಾಕೆಟ್ಟಿಗೆ 100 ರೂಪಾಯಿ. ಬೇಳೆ, ಬೆಲ್ಲ, ಮೈದಾ, ಎಣ್ಣೆ, ತುಪ್ಪ, ಏಲಕ್ಕಿ, ಗ್ಯಾಸು, ಪ್ಯಾಕೆಟ್ಟು ಸೇರಿ ಅದಕ್ಕೆ ತಗಲುತ್ತಿದ್ದುದು 60 ರೂಪಾಯಿ.

ಅಂಗಡಿಗೆ ಬಂದವರು ಬರಿಗೈಯಲ್ಲಿ ಹೋಗಬಾರದು ಎಂಬುದು ಐತಪ್ಪಣ್ಣನ ತಂದೆಯ ಕಾಲದ ಮಾತು. ಆ ಮಾತನ್ನು ನಂಬಿ ಅವನು ದಿನಕ್ಕೆ 50 ಪ್ಯಾಕೆಟ್ಟು ಮಾಡಿಸುತ್ತಿದ್ದ. ಕೆಲವು ಸಂಜೆ ಎಲ್ಲವೂ ಖರ್ಚಾಗುತ್ತಿತ್ತು, ಕೆಲವು ಸಂಜೆ ಐದು ಪ್ಯಾಕೆಟ್ಟು, ಹತ್ತು ಪ್ಯಾಕೆಟ್ಟು, ಒಮ್ಮೊಮ್ಮೆ ಇಪ್ಪತ್ತು ಪ್ಯಾಕೆಟ್ಟು ಹಾಗೆಯೇ ಉಳಿಯುತ್ತಿತ್ತು. ಉಳಿದದ್ದರಲ್ಲಿ ಸ್ವಲ್ಪ ಆಟೋ ಸ್ಟ್ಯಾಂಡಿನವರಿಗೆ, ಸ್ವಲ್ಪ ಮನೆಗೆ, ಮರುದಿನವೂ ಉಳಿದರೆ ಹಟ್ಟಿಯ ದನಗಳಿಗೆ. ಶನಿವಾರ ಭಾನುವಾರಗಳನ್ನು ಬಿಟ್ಟು, ಹಬ್ಬವೂ ಮದುವೆಯೂ ಇಲ್ಲದ ನಾಲ್ಕು ವಾರಗಳ 20 ದಿನಗಳ ಪುಸ್ತಕವನ್ನು ಒಂದು ರಾತ್ರಿ ಕೂಡಿಸಿದಾಗ ಮಿಕ್ಕ ಪ್ಯಾಕೆಟ್ಟುಗಳು 160 ಎಂದು ಬಂತು. 60 ರೂಪಾಯಿಯಂತೆ 9,600 ರೂಪಾಯಿ! ಐತಪ್ಪಣ್ಣನಿಗೆ ಊಟ ಸೇರಲಿಲ್ಲ.

"ಲಲಿತಕ್ಕ, ನಾಳೆಯಿಂದ 30 ಸಾಕು" ಎಂದ. 20 ದಿನಗಳಲ್ಲಿ ಅತಿ ಕಡಿಮೆ ವ್ಯಾಪಾರವಾದ ದಿನ ಖರ್ಚಾದದ್ದು 30 ಪ್ಯಾಕೆಟ್ಟು, ಅದಕ್ಕಿಂತ ಕೆಳಗೆ ಇಳಿದಿರಲಿಲ್ಲ. ಅಷ್ಟು ಮಾತ್ರ ಮಾಡಿದರೆ ಒಂದೂ ಮಿಗುವುದಿಲ್ಲ ಎಂಬುದು ಅವನ ಲೆಕ್ಕ.

ಲೆಕ್ಕ ತಪ್ಪಲಿಲ್ಲ. ಮುಂದಿನ ನಾಲ್ಕು ವಾರ ಒಂದು ದಿನವೂ ತಟ್ಟೆಯಲ್ಲಿ ಹೋಳಿಗೆ ಉಳಿಯಲಿಲ್ಲ. ಬಹುಪಾಲು ದಿನ ಹನ್ನೆರಡು ಗಂಟೆಯೊಳಗೇ ತಟ್ಟೆ ಖಾಲಿ. ಪಕ್ಕದ ಬಟ್ಟೆ ಅಂಗಡಿಯವರ ಮುಂದೆ ಐತಪ್ಪಣ್ಣ, "ಒಂದು ಚೂರೂ ಮಿಗುವುದಿಲ್ಲ, ಎಲ್ಲ ಖರ್ಚು" ಎಂದು ಹೇಳಿಕೊಳ್ಳುತ್ತಿದ್ದ. ತಿಂಗಳ ಕೊನೆಗೆ 9,600 ರೂಪಾಯಿ ಹೆಚ್ಚು ಉಳಿದಿರಬೇಕು ಎಂದು ಪುಸ್ತಕ ತೆರೆದ.

ಮೊದಲ ತಿಂಗಳು 840 ಪ್ಯಾಕೆಟ್ಟು ಖರ್ಚಾಗಿ 84,000 ರೂಪಾಯಿ ಬಂದಿತ್ತು. ದಿನಕ್ಕೆ 50ರಂತೆ 1,000 ಪ್ಯಾಕೆಟ್ಟಿಗೆ ಹೋದದ್ದು 60,000. ಉಳಿದದ್ದು 24,000. ಎರಡನೆಯ ತಿಂಗಳು 600 ಪ್ಯಾಕೆಟ್ಟು ಖರ್ಚಾಗಿ 60,000 ಬಂದಿತ್ತು, 600 ಪ್ಯಾಕೆಟ್ಟಿಗೆ ಹೋದದ್ದು 36,000. ಉಳಿದದ್ದು ಅದೇ 24,000. ಐತಪ್ಪಣ್ಣ ಕನ್ನಡಕ ಒರೆಸಿಕೊಂಡು ಮತ್ತೆ ಕೂಡಿಸಿದ. ಒಂದು ಪೈಸೆಯೂ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಪೋಲಾಗುವುದು ನಿಂತ ಮೇಲೆ ಆ 9,600 ಎಲ್ಲಿಗೆ ಹೋಯಿತು?

"ಯಾರಾದರೂ ಗಲ್ಲಾಪೆಟ್ಟಿಗೆಗೆ ಕೈ ಹಾಕಿದರೋ ಏನೋ" ಎಂದು ಗೊಣಗಿದ.

ಪಾತ್ರೆ ಒರೆಸುತ್ತಿದ್ದ ಲಲಿತಕ್ಕ ಕೈಬಿಟ್ಟು ಒಳಗೆ ಹೋಗಿ, ಗೋಡೆಯ ಕ್ಯಾಲೆಂಡರಿನಿಂದ ಹರಿದ ಹಳೆಯ ಹಾಳೆಯೊಂದನ್ನು ತಂದು ಮೇಜಿನ ಮೇಲಿಟ್ಟಳು. ಅದರ ಹಿಂಬದಿಯಲ್ಲಿ ಪೆನ್ಸಿಲಿನ ಸಣ್ಣ ಸಣ್ಣ ಗೀರುಗಳು, ದಿನಕ್ಕೊಂದು ಸಾಲು.

"ಮುಗಿಯಿತು ಎಂದು ನೀವು ಹೇಳಿದ ಮೇಲೂ ಎಲ್ಲರೂ ಹಿಂದಿನ ಬಾಗಿಲಿಗೆ ಬಂದು ನನ್ನನ್ನೇ ಕೇಳುತ್ತಾರೆ ಅಣ್ಣ. ಮಾಡುವವಳು ನಾನಲ್ಲವೇ, ಬೈಗುಳವೂ ನನಗೇ. ಒಂದು ಪ್ಯಾಕೆಟ್ಟಿಗೆ ಒಂದು ಗೀರು ಹಾಕಿಟ್ಟಿದ್ದೇನೆ."

ಐತಪ್ಪಣ್ಣ ಎಣಿಸಿದ. 250 ಗೀರುಗಳು.

"ಇವರೆಲ್ಲ ಮರುದಿನ ಬಂದು ಕೊಂಡಿರುತ್ತಾರೆ ಬಿಡು" ಎಂದ.

"ಮರುದಿನ ಬಂದವರು ಮರುದಿನದ್ದನ್ನು ಕೊಂಡರು. ಆ ದಿನ ನೆಂಟರ ಮನೆಗೆ ಹೊರಟವರು ಬಸ್ಸು ಬಿಟ್ಟು ಹೋಗುವ ಮೊದಲು ಬೇರೆ ಅಂಗಡಿಯಲ್ಲಿ ಏನೋ ಒಂದನ್ನು ಕಟ್ಟಿಸಿಕೊಂಡಾಗಿದೆ. ಆ ದುಡ್ಡು ಮತ್ತೆ ನಿಮಗೆ ಬರುತ್ತದೆಯೇ?"

ಐತಪ್ಪಣ್ಣ ಉತ್ತರ ಕೊಡದೆ ಎರಡು ತಿಂಗಳ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡ. ಮೊದಲ ತಿಂಗಳಿಗಿಂತ ಎರಡನೆಯ ತಿಂಗಳು ಖರ್ಚಾದದ್ದು 240 ಪ್ಯಾಕೆಟ್ಟು ಕಡಿಮೆ. ಪ್ಯಾಕೆಟ್ಟಿಗೆ ಉಳಿಯುವುದು 40 ರೂಪಾಯಿ. 240ನ್ನು 40ರಿಂದ ಗುಣಿಸಿದ. 9,600. ದನದ ಹಟ್ಟಿಗೆ ಹೋಗುತ್ತಿದ್ದ ಹಣವೇ ಈಗ ಹಿಂದಿನ ಬಾಗಿಲಿನಿಂದ ಹೋಗಿತ್ತು. ಗಲ್ಲಾಪೆಟ್ಟಿಗೆಯ ಮೇಲೆ ಸಂಶಯಪಟ್ಟದ್ದಕ್ಕೆ ಅವನಿಗೆ ಸ್ವಲ್ಪ ನಾಚಿಕೆಯೂ ಆಯಿತು.

"ಹಾಗಾದರೆ ಎಷ್ಟು ಮಾಡುವುದು?" ಎಂದ, ಅರ್ಧ ತನಗೆ, ಅರ್ಧ ಅವಳಿಗೆ.

ಮೊದಲ ತಿಂಗಳ ಪುಸ್ತಕವನ್ನು ಇನ್ನೊಮ್ಮೆ, ಈ ಸಲ ಬೇರೆ ಕಣ್ಣಿನಿಂದ ನೋಡಿದ. 20 ದಿನಗಳಲ್ಲಿ 30 ಖರ್ಚಾದದ್ದು 2 ದಿನ, 35 ಖರ್ಚಾದದ್ದು 3 ದಿನ, 40 ಖರ್ಚಾದದ್ದು 5 ದಿನ, 45 ಖರ್ಚಾದದ್ದು 5 ದಿನ. ಇನ್ನುಳಿದ 5 ದಿನ 50 ಪೂರ್ತಿ ಮುಗಿದಿತ್ತು, ಅದರಲ್ಲಿ 2 ದಿನ ಇನ್ನೂ ಐದೈದು ಪ್ಯಾಕೆಟ್ಟು ಕೇಳಿದವರಿದ್ದರು. ಈಗ ಒಂದೊಂದು ಪ್ಯಾಕೆಟ್ಟಿನ ಲೆಕ್ಕವನ್ನು ಬೇರೆ ಬೇರೆಯಾಗಿ ಹಾಕತೊಡಗಿದ. 30ರವರೆಗೆ ಪ್ರಶ್ನೆಯೇ ಇಲ್ಲ, ದಿನವೂ ಖರ್ಚು. 31ನೆಯ ಪ್ಯಾಕೆಟ್ಟು 18 ದಿನ ಖರ್ಚಾಗುತ್ತದೆ, 2 ದಿನ ಮಿಗುತ್ತದೆ. 18 ಸಲ 40 ಬಂದರೆ 720, 2 ಸಲ 60 ಹೋದರೆ 120. ಒಟ್ಟಿನಲ್ಲಿ 600 ರೂಪಾಯಿ ಲಾಭ, ಇದನ್ನು ಮಾಡಲೇಬೇಕು. 35ರವರೆಗೂ ಇದೇ ಮಾತು. 36ನೆಯದು 15 ದಿನ ಖರ್ಚಾಗುತ್ತದೆ, 5 ದಿನ ಮಿಗುತ್ತದೆ. 600 ಬಂದು 300 ಹೋಗುತ್ತದೆ. ಇದನ್ನೂ ಮಾಡಬಹುದು, 40ರವರೆಗೂ ಹಾಗೆಯೇ. 41ನೆಯದು ಖರ್ಚಾಗುವುದು 10 ದಿನ, ಮಿಗುವುದು 10 ದಿನ. ಬರುವುದು 400, ಹೋಗುವುದು 600. ಐತಪ್ಪಣ್ಣ ಪೆನ್ನು ಕೆಳಗಿಟ್ಟ.

ಮೂರನೆಯ ತಿಂಗಳು ದಿನಕ್ಕೆ 40. ಐದು ಸಂಜೆ ಹೋಳಿಗೆ ಮಿಕ್ಕಿತು, ಹತ್ತು ದಿನ ಗಿರಾಕಿಗಳು ಹಿಂದಿರುಗಿ ಹೋದರು. ಮಿಕ್ಕದ್ದು 35 ಪ್ಯಾಕೆಟ್ಟು, ಲಲಿತಕ್ಕನ ಗೀರುಗಳು 85. ಖರ್ಚಾದ 765 ಪ್ಯಾಕೆಟ್ಟಿಗೆ 76,500 ರೂಪಾಯಿ ಬಂತು, 800 ಪ್ಯಾಕೆಟ್ಟಿಗೆ 48,000 ಹೋಯಿತು. ಕೈಯಲ್ಲಿ ಉಳಿದದ್ದು 28,500.

ಆ ತಿಂಗಳ ಕೊನೆಯ ಶುಕ್ರವಾರ ಸಂಜೆ ಐದು ಪ್ಯಾಕೆಟ್ಟು ಮಿಕ್ಕಿತ್ತು. ಐತಪ್ಪಣ್ಣ ಅದನ್ನು ಆಟೋ ಸ್ಟ್ಯಾಂಡಿಗೆ ಕಳುಹಿಸಿ ಬಂದಾಗ ಲಲಿತಕ್ಕ ಕೇಳಿದಳು, "ನಾಳೆಗೂ 40ರ ಬೇಳೆಯೇ ಅಲ್ಲವೇ ಅಣ್ಣ?"

"ನಾಳೆ ಶನಿವಾರ. ಈ ಲೆಕ್ಕ ಶನಿವಾರಕ್ಕೆ ನಡೆಯದು. ಶನಿವಾರದ್ದು ಬೇರೆ ಬರೆದಿಟ್ಟಿದ್ದೇನೆ, ತಡಿ, ನೋಡಿ ಹೇಳುತ್ತೇನೆ."

ಕಥೆ ಇಲ್ಲಿಗೆ ಮುಗಿಯಿತು. ಇದನ್ನು ತರಗತಿಯಲ್ಲಿ ಓದುವಾಗ ಎರಡನೆಯ ತಿಂಗಳ ಲೆಕ್ಕದವರೆಗೆ ಓದಿ, "9,600 ಎಲ್ಲಿಗೆ ಹೋಯಿತು?" ಎಂಬಲ್ಲಿ ನಿಲ್ಲಿಸಿ, ಮಕ್ಕಳೇ ಹುಡುಕಲಿ ಎಂದು ಬಿಡಬೇಕೆಂಬುದು ನನ್ನ ಸಲಹೆ. ಗಲ್ಲಾಪೆಟ್ಟಿಗೆಯ ಕಳ್ಳತನ, ಬೇಳೆಯ ಬೆಲೆ ಏರಿಕೆ ಎಂದೆಲ್ಲ ಅವರು ಊಹಿಸಲಿ. ಬೆಲೆ ಏರಿಲ್ಲ, ಕಳ್ಳತನವೂ ಆಗಿಲ್ಲ ಎಂದು ಖಚಿತವಾದ ಮೇಲೆ ಮಾತ್ರ ಗೀರಿನ ಹಾಳೆ ಹೊರಬರಲಿ. ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡಿ: ನಿಜವಾದ ಅಂಗಡಿಯಲ್ಲಿ ಬೇಡಿಕೆ ಹೀಗೆ ಐದೈದರ ಹೆಜ್ಜೆಯಲ್ಲಿ ಬರುವುದಿಲ್ಲ, ಮೂರು ತಿಂಗಳು ಒಂದೇ ತೆರನಾಗಿಯೂ ಇರುವುದಿಲ್ಲ. ಎರಡು ನಷ್ಟಗಳೂ ರೂಪಾಯಿಗೆ ರೂಪಾಯಿ ಸಮವಾಗಿ ಕಾಣಲೆಂದು ನಾನು ಅಂಕಿಗಳನ್ನು ಹೊಂದಿಸಿದ್ದೇನೆ. 30 ಮತ್ತು 50 ಸಮವಾಗಿ ಬಂದದ್ದು ಈ ಅಂಕಿಗಳ ಗುಣ, ಎಲ್ಲ ಅಂಗಡಿಗಳ ನಿಯಮವಲ್ಲ.

ವಾಣಿಜ್ಯದ ಮಕ್ಕಳು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ವ್ಯಾಪಾರ ಖಾತೆ. ಮೂರು ತಿಂಗಳ ಖಾತೆಯನ್ನೂ ಅವರಿಂದಲೇ ಬರೆಯಿಸಿ, ಮಾರಾಟದ ಮೇಲೆ ಒಟ್ಟು ಲಾಭ ಶೇಕಡಾ ಎಷ್ಟೆಂದು ಕಂಡುಹಿಡಿಯಲು ಹೇಳಿ. ಮೊದಲ ತಿಂಗಳು ಸುಮಾರು ಶೇ. 28.6, ಎರಡನೆಯ ತಿಂಗಳು ಶೇ. 40, ಮೂರನೆಯ ತಿಂಗಳು ಸುಮಾರು ಶೇ. 37. ಶೇಕಡಾವಾರನ್ನು ಮಾತ್ರ ನೋಡುವವನಿಗೆ ಎರಡನೆಯ ತಿಂಗಳೇ ಶ್ರೇಷ್ಠ, ಮೊದಲನೆಯದು ತೀರಾ ಕಳಪೆ. ಆದರೆ ಕೈಗೆ ಬಂದ ರೂಪಾಯಿಯಲ್ಲಿ ಆ ಎರಡು ತಿಂಗಳುಗಳ ನಡುವೆ ವ್ಯತ್ಯಾಸವೇ ಇಲ್ಲ, ಮೂರನೆಯ ತಿಂಗಳು ಎರಡಕ್ಕಿಂತಲೂ 4,500 ರೂಪಾಯಿ ಮುಂದಿದೆ. ಹೀಗೇಕೆ ಎಂದರೆ, ಮಿಕ್ಕ ಹೋಳಿಗೆಗೆ ಹೋದ ಸಾಮಗ್ರಿ ಖಾತೆಯ ಖರ್ಚಿನ ಬದಿಯಲ್ಲಿ ಸೇರಿಕೊಂಡು ಶೇಕಡಾವಾರನ್ನು ಕೆಳಗೆ ಎಳೆಯುತ್ತದೆ. ಮರುದಿನಕ್ಕೆ ಬೆಲೆಯೇ ಇಲ್ಲದ ಸರಕಾದ್ದರಿಂದ ಅದನ್ನು ಅಂತಿಮ ದಾಸ್ತಾನು ಎಂದು ಜಮೆಯ ಬದಿಗೆ ತರುವಂತೆಯೂ ಇಲ್ಲ. ಹಿಂದಿರುಗಿ ಹೋದ ಗಿರಾಕಿಯಾದರೋ ಖಾತೆಯ ಎಡಕ್ಕೂ ಬರುವುದಿಲ್ಲ, ಬಲಕ್ಕೂ ಬರುವುದಿಲ್ಲ. ಅರ್ಥಶಾಸ್ತ್ರದಲ್ಲಿ ಅವರು ಓದಿರುವ ಅವಕಾಶ ವೆಚ್ಚ ಇದೇ. ಲೆಕ್ಕಪತ್ರದಲ್ಲಿ ನಡೆದ ವ್ಯವಹಾರವನ್ನು ಮಾತ್ರ ದಾಖಲಿಸಬೇಕು ಎಂಬ ನಿಯಮ ಸರಿಯಾದದ್ದೇ, ಅದನ್ನು ಮುರಿಯಬೇಕೆಂದು ನಾನು ಹೇಳುತ್ತಿಲ್ಲ. ನಾಳೆ ಎಷ್ಟು ಮಾಡಬೇಕು ಎಂಬ ಪ್ರಶ್ನೆಗೆ ಆ ಖಾತೆಯೊಂದೇ ಸಾಲದು, ಪಕ್ಕದಲ್ಲಿ ಲಲಿತಕ್ಕನ ಹಾಳೆಯೂ ಇರಬೇಕು ಎಂಬಷ್ಟೇ ನನ್ನ ಮಾತು.

ಆ ಹಾಳೆಯ ಬಗ್ಗೆ ಇನ್ನೊಂದು ವಿಷಯವಿದೆ, ಮತ್ತು ಅನುಭವಿ ವ್ಯಾಪಾರಿಗಳೂ ಇಲ್ಲಿ ಎಡವುವುದುಂಟು. ಮಾರಾಟ ಬೇರೆ, ಬೇಡಿಕೆ ಬೇರೆ. ಎರಡನೆಯ ತಿಂಗಳ ದಿನಚರಿ ಪುಸ್ತಕದಲ್ಲಿ 20 ದಿನವೂ "30, 30, 30" ಎಂದೇ ಬರೆದಿರುತ್ತದೆ. ಗೀರುಗಳ ಹಾಳೆ ಇಲ್ಲದಿದ್ದರೆ, ಈ ಊರಿನಲ್ಲಿ ದಿನಕ್ಕೆ 30 ಪ್ಯಾಕೆಟ್ಟಿಗಿಂತ ಹೆಚ್ಚು ಹೋಗುವುದಿಲ್ಲ ಎಂದೇ ಯಾರಾದರೂ ತಿಳಿಯಬಹುದು, ಅದನ್ನೇ ಆಧಾರವಾಗಿ ಇಟ್ಟುಕೊಂಡು ಮುಂದಿನ ತಿಂಗಳೂ 30ನ್ನೇ ಮಾಡಬಹುದು. ಕೊರತೆ ಹೀಗೆ ತನ್ನ ಗುರುತನ್ನು ತಾನೇ ಅಳಿಸಿಕೊಳ್ಳುತ್ತದೆ. ತಮಾಷೆಯೆಂದರೆ, ಐತಪ್ಪಣ್ಣನಿಗೆ ಸರಿಯಾದ ಅಂಕಿ ಸಿಕ್ಕಿದ್ದು ಹೋಳಿಗೆ ಮಿಕ್ಕು ಪೋಲಾದ ಮೊದಲ ತಿಂಗಳ ಪುಸ್ತಕದಿಂದ. ಸರಕು ಮಿಕ್ಕ 15 ದಿನಗಳಲ್ಲಿ ಎಷ್ಟು ಖರ್ಚಾಯಿತೋ ಅಷ್ಟೇ ಆ ದಿನದ ಬೇಡಿಕೆ ಎಂದು ಧೈರ್ಯವಾಗಿ ಹೇಳಬಹುದು. ಗೀರು ಹಾಕುವ ವ್ಯವಧಾನವಿಲ್ಲದ ಅಂಗಡಿಯಲ್ಲಿ ಕೊನೆಯ ಪ್ಯಾಕೆಟ್ಟು ಎಷ್ಟು ಗಂಟೆಗೆ ಖರ್ಚಾಯಿತು ಎಂದು ಬರೆದಿಟ್ಟರೂ ಸಾಕಷ್ಟು ತಿಳಿಯುತ್ತದೆ. ಸಂಜೆ ಏಳಕ್ಕೆ ಮುಗಿದ 30ಕ್ಕೂ ಬೆಳಿಗ್ಗೆ ಹತ್ತೂವರೆಗೆ ಮುಗಿದ 30ಕ್ಕೂ ಒಂದೇ ಅರ್ಥವಲ್ಲ.

ಇನ್ನು ಐತಪ್ಪಣ್ಣ 40ಕ್ಕೆ ನಿಂತ ಕಾರಣ. ಅವನು ಸರಾಸರಿ ಬೇಡಿಕೆಯನ್ನು ನೋಡಲಿಲ್ಲ. 20 ದಿನಗಳ ಒಟ್ಟು ಬೇಡಿಕೆ 850, ಎಂದರೆ ಸರಾಸರಿ 42.5 ಪ್ಯಾಕೆಟ್ಟು, ಅವನು ಅದಕ್ಕಿಂತ ಕಡಿಮೆ ಮಾಡಿಸಿದ. ಯಾಕೆಂದರೆ ಒಂದು ಪ್ಯಾಕೆಟ್ಟು ಮಿಕ್ಕರೆ ಹೋಗುವುದು 60, ಒಂದು ಪ್ಯಾಕೆಟ್ಟು ಸಾಲದೆ ಬಂದರೆ ಹೋಗುವುದು 40. ಹೆಚ್ಚು ನೋಯಿಸುವ ಕಡೆಯಿಂದ ಸ್ವಲ್ಪ ದೂರ ನಿಲ್ಲಬೇಕಾಗುತ್ತದೆ. ಮಿಕ್ಕದ್ದಕ್ಕೆ ಬೆಲೆಯೇ ಇಲ್ಲದ ಸರಕಿನಲ್ಲಿ ಸೂತ್ರ ಬಹಳ ಸರಳ: ತಗಲುವ ವೆಚ್ಚವನ್ನು ಮಾರಾಟ ಬೆಲೆಯಿಂದ ಭಾಗಿಸಿ. ಇಲ್ಲಿ 60ನ್ನು 100ರಿಂದ ಭಾಗಿಸಿದರೆ ಶೇ. 60. ಇನ್ನೊಂದು ಪ್ಯಾಕೆಟ್ಟು ಖರ್ಚಾಗುವ ಸಂಭವ ಇದಕ್ಕಿಂತ ಹೆಚ್ಚಾಗಿರುವವರೆಗೆ ಮಾಡುತ್ತಾ ಹೋಗಬಹುದು. 36ನೆಯ ಪ್ಯಾಕೆಟ್ಟಿಗೆ ಆ ಸಂಭವ 20ರಲ್ಲಿ 15 ದಿನ, ಅಂದರೆ ಶೇ. 75. 41ನೆಯದಕ್ಕೆ ಶೇ. 50. ನಿರ್ವಹಣಾ ಶಾಸ್ತ್ರದಲ್ಲಿ ಇದನ್ನು ನ್ಯೂಸ್‌ವೆಂಡರ್ ಸಮಸ್ಯೆ, ಅಂದರೆ ಪತ್ರಿಕೆ ಮಾರುವವನ ಸಮಸ್ಯೆ ಎನ್ನುತ್ತಾರೆ, ನಿನ್ನೆಯ ಪತ್ರಿಕೆಗೂ ನಿನ್ನೆಯ ಹೋಳಿಗೆಯದ್ದೇ ಗತಿ. ಇದರ ಬೇರು ಹಳೆಯದು: ಬ್ಯಾಂಕೊಂದು ಎಷ್ಟು ನಗದನ್ನು ಕೈಯಲ್ಲಿ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಗೆ ಎಡ್ಜ್‌ವರ್ತ್ ಎಂಬ ಅರ್ಥಶಾಸ್ತ್ರಜ್ಞ 1888ರಲ್ಲಿ ಇದೇ ಬಗೆಯ ತರ್ಕದಿಂದ ಉತ್ತರ ಹುಡುಕಿದ್ದ.

ಮಕ್ಕಳು ತಪ್ಪು ಮಾಡುವುದು ಆ 60ರಲ್ಲಿ ಏನೇನು ಸೇರಬೇಕು ಎಂಬಲ್ಲಿ. ವೆಚ್ಚ ಎಂದ ಕೂಡಲೇ ಅಂಗಡಿಯ ಬಾಡಿಗೆ, ಲಲಿತಕ್ಕನ ತಿಂಗಳ ಸಂಬಳ, ದೀಪದ ಬಿಲ್ಲು ಎಲ್ಲವನ್ನೂ ಪ್ಯಾಕೆಟ್ಟುಗಳ ಮೇಲೆ ಹಂಚಿ, ಒಂದಕ್ಕೆ 80 ರೂಪಾಯಿ ಬೀಳುತ್ತದೆ ಎಂದು ಅವರು ಹೇಳಬಹುದು. ಬೆಲೆ ನಿಗದಿ ಮಾಡುವಾಗ ಆ ಹಂಚಿಕೆ ಬೇಕಾಗುತ್ತದೆ, ನಿಜ. ಆದರೆ ನಾಳೆ 35 ಮಾಡಿದರೂ 40 ಮಾಡಿದರೂ ಬಾಡಿಗೆ ಅಷ್ಟೇ, ಸಂಬಳ ಅಷ್ಟೇ. ಇನ್ನೊಂದು ಪ್ಯಾಕೆಟ್ಟು ಮಾಡಿದ್ದರಿಂದ ಹೆಚ್ಚುವ ವೆಚ್ಚ ಮಾತ್ರ ಈ ತೀರ್ಮಾನಕ್ಕೆ ಸೇರುತ್ತದೆ. 80 ಎಂದು ಹಿಡಿದರೆ ಸಂಭವ ಶೇ. 80ಕ್ಕಿಂತ ಹೆಚ್ಚಿರಬೇಕೆಂದು ಆಗಿ ಐತಪ್ಪಣ್ಣ 35ಕ್ಕೇ ನಿಂತುಬಿಡುತ್ತಾನೆ, ಅದರಿಂದ ದಿನಕ್ಕೆ 75 ರೂಪಾಯಿಯಂತೆ 20 ದಿನಕ್ಕೆ 1,500 ರೂಪಾಯಿ ಕೈತಪ್ಪುತ್ತದೆ. ಕಥೆಯಲ್ಲಿ "ಉಳಿದದ್ದು" ಎಂದು ಹೇಳಿರುವುದೂ ಬಾಡಿಗೆ, ಸಂಬಳ ಕಳೆಯುವ ಮೊದಲಿನ ಮೊತ್ತ ಎಂಬುದನ್ನು ಮಕ್ಕಳಿಗೆ ತಿಳಿಸಿ.

ಹಾಗೆಯೇ ಆ 40 ರೂಪಾಯಿಯೂ ಕಲ್ಲಿನ ಮೇಲೆ ಬರೆದದ್ದಲ್ಲ. ಹೋಳಿಗೆ ಸಿಗದ ಗಿರಾಕಿ ಅದೇ ಅಂಗಡಿಯಲ್ಲಿ ಲಾಡು ಕೊಂಡರೆ ನಷ್ಟ 40ಕ್ಕಿಂತ ಕಡಿಮೆ. ಹೋಳಿಗೆಯ ಜೊತೆಗೆ ಚಕ್ಕುಲಿ, ಮಿಕ್ಸ್ಚರ್ ಕೂಡ ಕೊಳ್ಳಬೇಕೆಂದು ಬಂದವನು ಎಲ್ಲವನ್ನೂ ಬಿಟ್ಟು ಮುಂದಿನ ಅಂಗಡಿಗೆ ಹೋದರೆ 40ಕ್ಕಿಂತ ಹೆಚ್ಚು. ಎರಡು ಮೂರು ಸಲ ಬರಿಗೈಯಲ್ಲಿ ಹೋದವನು ಬರುವುದನ್ನೇ ನಿಲ್ಲಿಸಿದರೆ ಆ ನಷ್ಟವನ್ನು ಅಳೆಯುವುದು ಕಷ್ಟ. ಐತಪ್ಪಣ್ಣನ ತಂದೆಯ ಮಾತಿನ ಹಿಂದೆ ಇದ್ದದ್ದು ಬಹುಶಃ ಈ ಭಯವೇ, ಅದನ್ನು ಹಳೆಯ ಕಾಲದ ಅವಿವೇಕವೆಂದು ತಳ್ಳಿಹಾಕಬೇಕಾಗಿಲ್ಲ.

ಮಿಕ್ಕದ್ದಕ್ಕೆ ಸ್ವಲ್ಪ ಬೆಲೆ ಸಿಗುವಂತಾದರೆ ಉತ್ತರವೇ ಬದಲಾಗುತ್ತದೆ ಎಂಬುದನ್ನು ಮುಂದಿನ ತರಗತಿಗೆ ಇಟ್ಟುಕೊಳ್ಳಬಹುದು. ಮರುದಿನ ಬೆಳಿಗ್ಗೆ ಚಹಾದಂಗಡಿಯವರೊಬ್ಬರು ನಿನ್ನೆಯದೆಂದು ತಿಳಿದೇ ಪ್ಯಾಕೆಟ್ಟಿಗೆ 40 ರೂಪಾಯಿ ಕೊಟ್ಟು ಕೊಳ್ಳುತ್ತಾರೆ ಎಂದುಕೊಳ್ಳಿ. ಆಗ ಮಿಕ್ಕ ಪ್ಯಾಕೆಟ್ಟಿನಿಂದ ಹೋಗುವುದು 60 ಅಲ್ಲ, 20 ಮಾತ್ರ. 41ನೆಯ ಪ್ಯಾಕೆಟ್ಟು ಈಗ 10 ದಿನ 40 ತರುತ್ತದೆ, 10 ದಿನ 20 ಕಳೆಯುತ್ತದೆ, ಮಾಡುವುದೇ ಲಾಭ. 46ನೆಯದು 5 ದಿನ ಮಾತ್ರ ಖರ್ಚಾಗುವುದರಿಂದ 200 ತಂದು 300 ಕಳೆಯುತ್ತದೆ, ಅದು ಬೇಡ. ಹೀಗೆ ಉತ್ತರ 40ರಿಂದ 45ಕ್ಕೆ ಏರುತ್ತದೆ. ಆದರೆ ಇಲ್ಲಿ ಎರಡು ಕಡೆ ಎಚ್ಚರ ಬೇಕು. ನಿನ್ನೆಯದನ್ನು ಇಂದಿನದೆಂದು ಮಾರುವ ಹಾಗಿಲ್ಲ. ಬಿಡಿಯಾಗಿ ಮಾರುವ ಸಿಹಿತಿಂಡಿಗಳಿಗೂ ಯಾವ ದಿನದೊಳಗೆ ತಿನ್ನಬೇಕೆಂಬ ದಿನಾಂಕವನ್ನು ಅಂಗಡಿಯಲ್ಲಿ ಕಾಣಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಿತು. ಎರಡನೆಯದಾಗಿ, ಸಂಜೆ ಆರರ ಮೇಲೆ ಅರ್ಧ ಬೆಲೆ ಎಂದು ಫಲಕ ಹಾಕಿದರೆ ನಾಲ್ಕಕ್ಕೆ ಪೂರ್ತಿ ಬೆಲೆ ಕೊಡುತ್ತಿದ್ದವರೂ ಆರರವರೆಗೆ ಕಾಯುವುದನ್ನು ಕಲಿಯುತ್ತಾರೆ.

ಐತಪ್ಪಣ್ಣನ ಜಾಗದಲ್ಲಿ ನಾನಿದ್ದರೆ ಇಷ್ಟೆಲ್ಲ ಲೆಕ್ಕಕ್ಕಿಂತ ಮೊದಲು ಅಡುಗೆಕೋಣೆಯನ್ನು ನೋಡುತ್ತಿದ್ದೆ. ಹೊತ್ತು ಹಿಡಿಯುವುದು ಬೇಳೆ ಬೇಯಿಸಿ ಹೂರಣ ಮಾಡುವುದಕ್ಕೆ. ಹೂರಣವನ್ನು ಫ್ರಿಡ್ಜಿನಲ್ಲಿ ಒಂದೆರಡು ದಿನ ಇಡಬಹುದು, ಬೆಂದ ಹೋಳಿಗೆಯನ್ನು ಹಾಗೆ ಇಟ್ಟು ತಾಜಾ ಎಂದು ಮಾರಲಾಗದು. ಬೆಳಿಗ್ಗೆ 30 ಪ್ಯಾಕೆಟ್ಟು ಬೇಯಿಸಿ, ಇನ್ನು 20ರಷ್ಟು ಹೂರಣವನ್ನು ತಣ್ಣಗಿಟ್ಟು, ಹನ್ನೊಂದು ಗಂಟೆಗೆ ತಟ್ಟೆ ಎಷ್ಟು ಖಾಲಿಯಾಗಿದೆ ಎಂದು ನೋಡಿ ಎರಡನೆಯ ಕಾವಲಿ ಇಟ್ಟರೆ, ಊಹಿಸಬೇಕಾದ ಭಾಗವೇ ಕಡಿಮೆಯಾಗುತ್ತದೆ, ಮಿಗುವುದೂ ಸಾಲದಿರುವುದೂ ಒಟ್ಟಿಗೆ ಇಳಿಯುತ್ತವೆ. ಅದಕ್ಕೂ ಬೆಲೆಯಿದೆ: ಮಧ್ಯಾಹ್ನದ ಗ್ಯಾಸು, ಲಲಿತಕ್ಕ ಹೆಚ್ಚು ಹೊತ್ತು ನಿಲ್ಲುವುದಕ್ಕೆ ಕೂಲಿ. 40 ಮಾಡಿದ ತಿಂಗಳಲ್ಲೂ ಮಿಕ್ಕದ್ದರಿಂದ 2,100, ಸಾಲದೆ ಹೋದದ್ದರಿಂದ 3,400, ಒಟ್ಟು 5,500 ರೂಪಾಯಿ ಕೈತಪ್ಪಿತ್ತು. ಎರಡನೆಯ ಕಾವಲಿಯ ತಿಂಗಳ ಖರ್ಚು ಅದರಲ್ಲಿ ಉಳಿಸಿಕೊಡುವ ಮೊತ್ತಕ್ಕಿಂತ ಕಡಿಮೆಯಿದ್ದರೆ ಮಾತ್ರ ಅದು ಸರಿ.

ಪಾಠದಲ್ಲಿ ದಾಸ್ತಾನು ಎಂದ ಕೂಡಲೇ ನೆನಪಾಗುವ ಇಒಕ್ಯು ಸೂತ್ರವನ್ನು, ಅಂದರೆ ಒಂದು ಸಲಕ್ಕೆ ಎಷ್ಟು ತರಿಸಿದರೆ ಮಿತವ್ಯಯ ಎಂಬ ಸೂತ್ರವನ್ನು, ಈ ಕಥೆಗೆ ದಯವಿಟ್ಟು ಜೋಡಿಸಬೇಡಿ. ಫೋರ್ಡ್ ಹ್ಯಾರಿಸ್ 1913ರಲ್ಲಿ ಕೊಟ್ಟ ಆ ಸೂತ್ರ, ಬೇಡಿಕೆ ಮೊದಲೇ ಗೊತ್ತಿರುವ, ಇಟ್ಟರೆ ಹಾಳಾಗದ ಸರಕಿಗೆ ಸಲ್ಲುತ್ತದೆ. ಐತಪ್ಪಣ್ಣ ಸಕ್ಕರೆಯನ್ನೋ ಪ್ಯಾಕೆಟ್ಟಿನ ಕವರುಗಳನ್ನೋ ಎಷ್ಟೆಷ್ಟು ತರಿಸಬೇಕು ಎಂಬುದಕ್ಕೆ ಅದು ಸರಿ, ಹೋಳಿಗೆಗೆ ಅಲ್ಲ. ಶನಿವಾರದ ಅಂಕಿಯನ್ನು ಸೋಮವಾರಕ್ಕೆ, ಸಾದಾ ದಿನದ ಅಂಕಿಯನ್ನು ಚೌತಿಗೋ ದೀಪಾವಳಿಗೋ ಊರ ಜಾತ್ರೆಗೋ ಹಾಕುವುದೂ ಇದೇ ಬಗೆಯ ತಪ್ಪು. ಒಂದೊಂದು ಬಗೆಯ ದಿನಕ್ಕೆ ಒಂದೊಂದು ಪುಟ ಬೇಕು, ವರ್ಷಕ್ಕೊಮ್ಮೆ ಬರುವ ದಿನಕ್ಕೆ ಹಿಂದಿನ ಕೆಲವು ವರ್ಷಗಳ ಪುಸ್ತಕ ಬೇಕು.

ಕೊನೆಗೆ ಮನೆಲೆಕ್ಕಕ್ಕೆ ಒಂದು ಪ್ರಶ್ನೆ ಕೊಡಬಹುದು: ವೆಚ್ಚ 60 ಆಗಿಯೇ ಉಳಿದು, ಬೆಲೆ 120 ರೂಪಾಯಿ ಆದರೆ, ಬೇಡಿಕೆ ಬದಲಾಗದಿದ್ದರೆ, ಎಷ್ಟು ಮಾಡಬೇಕು? 60ನ್ನು 120ರಿಂದ ಭಾಗಿಸಿದರೆ ಶೇ. 50, 41ನೆಯ ಪ್ಯಾಕೆಟ್ಟಿನ ಸಂಭವವೂ ಸರಿಯಾಗಿ ಶೇ. 50. ಆದ್ದರಿಂದ 40 ಮಾಡಿದರೂ 45 ಮಾಡಿದರೂ ದಿನಕ್ಕೆ ಸರಾಸರಿ ಉಳಿಯುವುದು 2,190 ರೂಪಾಯಿ, ಎರಡು ಉತ್ತರಕ್ಕೂ ಪೂರ್ಣ ಅಂಕ ಕೊಡಿ. ಬೆಲೆ 20 ರೂಪಾಯಿ ಏರಿದ ಮೇಲೂ ಅಷ್ಟೇ ಜನ ಬರುತ್ತಾರೆಯೇ ಎಂದು ಯಾರಾದರೂ ಎದ್ದು ಕೇಳಿದರೆ ಆ ಮಗುವಿಗೆ ಒಂದು ಅಂಕ ಹೆಚ್ಚು ಕೊಡಿ.